ಜಂಟಿ ಮಾಲೀಕರ ಬಾಡಿಗೆ ಇನ್ನು ಅವರವರ ಪಾಲಿನಂತೆ ಅವರವರ ಬ್ಯಾಂಕ್ ಖಾತೆಗೆ

ತುಮಕೂರು
7 ಏಪ್ರಿಲ್ 2025

ಮಾನ್ಯರೇ,

ಒಂದು ಆಸ್ತಿಗೆ ಎಷ್ಟೇ ಜನ ಮಾಲೀಕರಿದ್ದರೂ, ಮನೆಯವರು ಹೇಳಿದ ಒಬ್ಬರ ಬ್ಯಾಂಕ್ ಖಾತೆಗೆ ಪೂರ್ತಿ ಬಾಡಿಗೆ ಹಾಕುವುದು ನಮ್ಮ ಕಚೇರಿಯಲ್ಲಿ ಇದುವರೆಗಿನ ರೂಢಿ. ನಮ್ಮ ಸೇವಾ ಶುಲ್ಕವನ್ನು ಬಾಡಿಗೆಯಲ್ಲೇ ಮುರಿದುಕೊಂಡು ಉಳಿದದ್ದನ್ನು ಕಳಿಸುತ್ತಿದ್ದೆವು. ಏಪ್ರಿಲ್ ತಿಂಗಳ ಬಾಡಿಗೆಯಿಂದ ಇವೆರಡನ್ನೂ ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ಬಾಡಿಗೆದಾರರು ಪ್ರತಿಯೊಬ್ಬ ಮಾಲೀಕರ ಪಾಲನ್ನು ನೇರವಾಗಿ ಅವರ ಖಾತೆಗೇ ಹಾಕುತ್ತಾರೆ. ರಸೀದಿಯೂ ಅವರವರ ಹೆಸರಿಗೆ, ಅವರವರ ಪ್ಯಾನ್ ಸಂಖ್ಯೆಯೊಂದಿಗೆ ಬರುತ್ತದೆ. ನಮ್ಮ ಶುಲ್ಕದ ಬಿಲ್ಲನ್ನು ತಿಂಗಳ ಕೊನೆಗೆ ಬೇರೆಯಾಗಿ ಕಳಿಸುತ್ತೇವೆ.

1961ರ ಆದಾಯ ತೆರಿಗೆ ಕಾಯ್ದೆಯ 26ನೇ ಕಲಂ ಇದಕ್ಕೆ ಕಾರಣ. ಇಬ್ಬರು ಅಥವಾ ಹೆಚ್ಚು ಜನರ ಆಸ್ತಿಯಲ್ಲಿ ಪಾಲು ಇಷ್ಟಿಷ್ಟೇ ಎಂದು ಖಚಿತವಿದ್ದರೆ, ಬಾಡಿಗೆ ಆದಾಯವನ್ನು ಅದೇ ಪಾಲಿನಂತೆ ಪ್ರತಿಯೊಬ್ಬರ ಲೆಕ್ಕಕ್ಕೂ ಸೇರಿಸಬೇಕು ಎನ್ನುತ್ತದೆ ಅದು. ಹಣ ಯಾರ ಖಾತೆಗೆ ಬಿತ್ತು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಪಾಲು ಖಚಿತವಿಲ್ಲದಿದ್ದರೆ ಮಾತ್ರ ಎಲ್ಲರನ್ನೂ ಒಟ್ಟಿಗೆ ಹಿಡಿದು ತೆರಿಗೆ ಹಾಕುವ ಪ್ರಶ್ನೆ ಏಳುತ್ತದೆ. ಹಾಗಾಗಿ ಮೊದಲು ಆಗಬೇಕಾದ ಕೆಲಸ, ಪಾಲು ಎಷ್ಟೆಂದು ಕಾಗದದ ಮೇಲೆ ನಿಲ್ಲಿಸುವುದು.

ಒಂದು ಉದಾಹರಣೆ ಹಿಡಿದು ಕೊನೆಯತನಕ ನೋಡೋಣ. ಬಿ.ಎಚ್. ರಸ್ತೆಯಲ್ಲಿ ಒಂದು ಕಟ್ಟಡವಿದೆ ಎಂದುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ತಮ್ಮ ತಮ್ಮ ದುಡ್ಡು ಹಾಕಿ ಅರ್ಧರ್ಧ ಕೊಂಡದ್ದು. ಯಜಮಾನರು ಉಯಿಲು ಬರೆಯದೆ ತೀರಿಕೊಂಡಿದ್ದಾರೆ. ಅವರ ತಾಯಿ ಮೊದಲೇ ಇಲ್ಲ. ಉಳಿದವರು ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು. ಮೂವರಿಗೂ ಸಮಪಾಲು ಎಂದು ಬಹಳ ಮನೆಗಳಲ್ಲಿ ಬಾಯಿಮಾತಿನಲ್ಲಿ ಹೇಳಿಬಿಡುತ್ತಾರೆ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೂವರಿಗೆ ಸಮನಾಗಿ ಹಂಚಿಹೋಗುವುದು ಯಜಮಾನರ ಅರ್ಧ ಮಾತ್ರ. ಹೆಂಡತಿಯ, ಅಂದರೆ ಈ ಮಕ್ಕಳ ತಾಯಿಯ, ಅರ್ಧ ಅವರದೇ. ಅಲ್ಲಿಗೆ ತಾಯಿಗೆ ತನ್ನ ಅರ್ಧದ ಜೊತೆ ಆರರಲ್ಲೊಂದು ಪಾಲು ಸೇರಿ ಒಟ್ಟು ಮೂರರಲ್ಲೆರಡು ಪಾಲಾಯಿತು. ಮಗನಿಗೆ ಆರರಲ್ಲೊಂದು, ಮಗಳಿಗೆ ಆರರಲ್ಲೊಂದು. ಮಗಳ ಮದುವೆಯಾಗಿದೆ ಎಂಬ ಕಾರಣಕ್ಕೆ ಅವಳ ಪಾಲು ಕರಗುವುದಿಲ್ಲ. ಪಿತ್ರಾರ್ಜಿತ ಆಸ್ತಿಯಾದರೆ ಲೆಕ್ಕ ಬೇರೆಯಾಗಬಹುದು. ಅಂಥವರು ಪತ್ರಗಳನ್ನು ತಂದು ತೋರಿಸಿ.

ಪಾಲಿಕೆಯ ಖಾತೆ ಮಗನೊಬ್ಬನ ಹೆಸರಿಗಿದ್ದರೆ ಪೂರ್ತಿ ಬಾಡಿಗೆ ಅವನದೇ ಎಂದು ತಿಳಿಯುವವರಿದ್ದಾರೆ. ಖಾತೆ ಇರುವುದು ಕಂದಾಯ ಕಟ್ಟಿಸಿಕೊಳ್ಳಲು, ಹಕ್ಕು ಹೇಳಲು ಅಲ್ಲ. ಪಾಲು ಹೇಳುವುದು ಕ್ರಯಪತ್ರ, ವಿಭಾಗಪತ್ರ ಅಥವಾ ಉಯಿಲು. ಅವು ಇಲ್ಲದಿದ್ದಾಗ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷವನ್ನು ಆಧರಿಸಿದ ಉತ್ತರಾಧಿಕಾರ. ಕ್ರಯಪತ್ರದಲ್ಲಿ ಇಬ್ಬರ ಹೆಸರಿದ್ದು ಪಾಲು ಬರೆಯದೆ ಬಿಟ್ಟಿದ್ದರೆ, ಯಾರು ಎಷ್ಟು ಹಣ ಹಾಕಿದರೋ ಆ ಪ್ರಮಾಣವೇ ಪಾಲು. ಅದಕ್ಕೂ ದಾಖಲೆ ಇಲ್ಲದಿದ್ದರೆ ಸಮಪಾಲೆಂದು ಹಿಡಿಯಬೇಕು. ಇದು ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ಕಲಂನಲ್ಲಿದೆ.

ಈಗ ಬಾಡಿಗೆಗೆ ಬರೋಣ. ಈ ಕಟ್ಟಡವನ್ನು ಒಂದು ಕಂಪನಿ ತಿಂಗಳಿಗೆ 90,000 ರೂಪಾಯಿಗೆ ಹಿಡಿದಿದೆ. ಪಾಲಿನಂತೆ ತಾಯಿಗೆ 60,000, ಮಕ್ಕಳಿಗೆ ತಲಾ 15,000. ಕಂಪನಿ ಬಾಡಿಗೆ ಕೊಡುವಾಗಲೇ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುವುದೇ ಟಿಡಿಎಸ್; 2025ರ ಏಪ್ರಿಲ್ 1ರಿಂದ ಬಾಡಿಗೆಯ ಟಿಡಿಎಸ್ ಮಿತಿ ತಿಂಗಳಿಗೆ 50,000 ರೂಪಾಯಿ. ಹಿಂದೆ ಅದು ವರ್ಷಕ್ಕೆ 2,40,000 ಇತ್ತು. ಪಾಲು ಖಚಿತವಿರುವ ಕಡೆ ಈ ಮಿತಿಯನ್ನು ಇಡೀ ಕಟ್ಟಡಕ್ಕಲ್ಲ, ಒಬ್ಬೊಬ್ಬ ಮಾಲೀಕರಿಗೂ ಬೇರೆ ಬೇರೆಯಾಗಿ ನೋಡಬೇಕು. ಅದರಂತೆ ಮಕ್ಕಳ 15,000ದಲ್ಲಿ ಕಂಪನಿ ಏನೂ ಹಿಡಿಯುವಂತಿಲ್ಲ. ತಾಯಿಯ 60,000ದಲ್ಲಿ ನೂರಕ್ಕೆ 10ರಂತೆ 6,000 ಹಿಡಿಯುತ್ತದೆ.

ಪೂರ್ತಿ 90,000 ಮಗನ ಖಾತೆಗೇ ಹೋಗುತ್ತಿದ್ದಾಗ ಆಗುತ್ತಿದ್ದದ್ದೇ ಬೇರೆ. ಕಂಪನಿ ತಿಂಗಳಿಗೆ 9,000 ಹಿಡಿದು ಮಗನ ಪ್ಯಾನ್‌ಗೆ ಜಮಾ ಮಾಡುತ್ತದೆ. ವರ್ಷದ ಕೊನೆಗೆ ಅವನ ಪ್ಯಾನ್‌ಗೆ ಜಮಾ ಆದ ತೆರಿಗೆಯ ಪಟ್ಟಿಯಾದ ಫಾರಂ 26ಎಎಸ್ ತೆರೆದರೆ 10,80,000 ರೂಪಾಯಿ ಬಾಡಿಗೆ ಅವನದೇ ಎಂದು ಕಾಣುತ್ತದೆ. ಅವನು ರಿಟರ್ನ್‌ನಲ್ಲಿ ತನ್ನ ಪಾಲಿನ 1,80,000 ಮಾತ್ರ ತೋರಿಸಿದರೆ ಎರಡೂ ತಾಳೆಯಾಗದೆ ಇಲಾಖೆಯಿಂದ ನೋಟಿಸ್ ಬರುತ್ತದೆ. ನೋಟಿಸಿಗೆ ಹೆದರಿ ಪೂರ್ತಿ ತೋರಿಸಿದರೆ ಬೇರೆಯವರ ತೆರಿಗೆಯನ್ನು ತಾನು ಕಟ್ಟಿದಂತೆ. ಅದು ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸುತ್ತೇವೆ.

ವರ್ಷದ ಬಾಡಿಗೆ 10,80,000. ಪಾಲಿಕೆಗೆ ಆ ವರ್ಷ ಕಟ್ಟಿದ ಕಂದಾಯ 36,000 ಎಂದುಕೊಂಡರೆ ಉಳಿದದ್ದು 10,44,000. ಅದರಲ್ಲಿ ದುರಸ್ತಿ ಇತ್ಯಾದಿಗೆಂದು ಕಾಯ್ದೆಯೇ ಕೊಡುವ ನೂರಕ್ಕೆ 30ರ ಕಡಿತ 3,13,200. ತೆರಿಗೆಗೆ ಒಳಪಡುವ ಆದಾಯ 7,30,800. ಸಾಲವಿಲ್ಲದ ಕಟ್ಟಡವಾದ್ದರಿಂದ ಬಡ್ಡಿಯ ಕಡಿತವಿಲ್ಲ. ಪಾಲಿನಂತೆ ತಾಯಿಗೆ 4,87,200, ಮಕ್ಕಳಿಗೆ ತಲಾ 1,21,800. ತಾಯಿಗೂ ಮಗಳಿಗೂ ಬೇರೆ ಆದಾಯವಿಲ್ಲದಿದ್ದರೆ 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಇಬ್ಬರಿಗೂ ತೆರಿಗೆ ಸೊನ್ನೆ. ಮಗ ಸಂಬಳದಾರ. ಸಂಬಳದ ಕಡಿತ ಕಳೆದು ಅವನ ಆದಾಯ 17,25,000 ಇದ್ದರೆ, ತನ್ನ ಪಾಲಿನ ಬಾಡಿಗೆಗೆ ಅವನು ಸೆಸ್ ಸೇರಿ ಹೆಚ್ಚುವರಿಯಾಗಿ ಕಟ್ಟಬೇಕಾದದ್ದು ಸುಮಾರು 25,330 ರೂಪಾಯಿ. ಇಡೀ 7,30,800 ಅವನ ತಲೆಗೆ ಬಂದರೆ 1,78,600 ದಾಟುತ್ತದೆ. ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ, ಒಂದು ಬ್ಯಾಂಕ್ ಖಾತೆಯ ಸಂಖ್ಯೆ ಬದಲಿಸದ ಕಾರಣಕ್ಕೆ. ಇದು ನಮಗೆ ನಿಜಕ್ಕೂ ನೋವಿನ ಸಂಗತಿ.

ಮಗನ ಪಾಲಿನಲ್ಲಿ ಟಿಡಿಎಸ್ ಇಲ್ಲ ಎಂದರೆ ತೆರಿಗೆ ಇಲ್ಲ ಎಂದಲ್ಲ. ವರ್ಷದ ಆರಂಭದಲ್ಲೇ ಬಾಡಿಗೆ ಆದಾಯವನ್ನು ತನ್ನ ಕಚೇರಿಗೆ ತಿಳಿಸಿದರೆ ಸಂಬಳದಲ್ಲೇ ಹಿಡಿದುಕೊಳ್ಳುತ್ತಾರೆ, ಇಲ್ಲದಿದ್ದರೆ ಮುಂಗಡ ತೆರಿಗೆಯನ್ನು ಅವನೇ ಕಟ್ಟಬೇಕು. ತಾಯಿಯ ವಿಷಯ ಇದಕ್ಕೆ ತಿರುಗುಮುರುಗು. ಅವರಿಗೆ ತೆರಿಗೆಯಿಲ್ಲ, ಆದರೆ ತಿಂಗಳಿಗೆ 6,000ದಂತೆ ವರ್ಷಕ್ಕೆ 72,000 ಹಿಡಿದುಹೋಗಿ, ಮರುಪಾವತಿಗೆ ರಿಟರ್ನ್ ಹಾಕಿ ಕಾಯಬೇಕು. ಅವರಿಗೆ 60 ವರ್ಷ ತುಂಬಿದ್ದರೆ ಫಾರಂ 15ಎಚ್ ತುಂಬಿ ಬಾಡಿಗೆದಾರ ಕಂಪನಿಗೆ ಕೊಡಲಿ. ಆಗ ಹಿಡಿಯುವುದಿಲ್ಲ. ಈ ಫಾರಂ ಆಯಾ ವರ್ಷಕ್ಕೆ ಮಾತ್ರ, ಪ್ರತಿ ಏಪ್ರಿಲ್‌ನಲ್ಲೂ ಹೊಸದು ಬೇಕು.

ಮೇಲಿನ ಲೆಕ್ಕ ನೋಡಿ, ಹಾಗಾದರೆ ಪೂರ್ತಿ ಬಾಡಿಗೆ ತಾಯಿಯ ಹೆಸರಿಗೇ ತೋರಿಸೋಣ ಎನ್ನಿಸಬಹುದು. ಆಗುವುದಿಲ್ಲ. ಮಕ್ಕಳು ತಮ್ಮ ಪಾಲಿನ ಹಣವನ್ನು ಅಮ್ಮನ ಕೈಗೇ ಕೊಟ್ಟರೆ ಅದು ಒಳ್ಳೆಯದೇ, ಅಮ್ಮನಿಗೆ ಅದರ ಮೇಲೆ ತೆರಿಗೆಯೂ ಬೀಳುವುದಿಲ್ಲ. ಆದರೆ ಆದಾಯ ಮಾತ್ರ ಮಕ್ಕಳದೇ ಆಗಿ ಉಳಿಯುತ್ತದೆ. ಆದಾಯವೂ ಹೋಗಬೇಕಾದರೆ ಪಾಲೇ ಹೋಗಬೇಕು, ಅಂದರೆ ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರವೋ ದಾನಪತ್ರವೋ ನೋಂದಣಿಯಾಗಬೇಕು. ಗಂಡ ಹೆಂಡತಿಗೆ ಅಥವಾ ಹೆಂಡತಿ ಗಂಡನಿಗೆ ಪ್ರತಿಫಲವಿಲ್ಲದೆ ಪಾಲು ಬರೆದುಕೊಟ್ಟರೆ ಅದೂ ಉಪಯೋಗಕ್ಕೆ ಬರುವುದಿಲ್ಲ. ಆದಾಯ ತೆರಿಗೆ ಕಾಯ್ದೆಯ 27ನೇ ಕಲಂ ಪ್ರಕಾರ ಬರೆದುಕೊಟ್ಟವರನ್ನೇ ಮಾಲೀಕರೆಂದು ಹಿಡಿಯುತ್ತಾರೆ.

ನಮ್ಮ ಶುಲ್ಕವನ್ನು ಏಕೆ ಬೇರೆ ಮಾಡಿದೆವು ಎಂಬುದನ್ನೂ ಹೇಳಬೇಕು. ಬ್ಯಾಂಕಿಗೆ ಬಂದ ಮೊತ್ತವನ್ನೇ ಬಾಡಿಗೆ ಎಂದು ಹಲವರು ರಿಟರ್ನ್‌ನಲ್ಲಿ ಬರೆಯುತ್ತಾರೆ. ಶುಲ್ಕ ಮುರಿದ ಮೇಲಿನ ಮೊತ್ತ ಬಾಡಿಗೆಯಲ್ಲ. ನಮ್ಮ ಶುಲ್ಕ, ದಲ್ಲಾಳಿ ಹಣ, ಸುಣ್ಣ ಬಣ್ಣ, ಮೋಟಾರ್ ರಿಪೇರಿ ಎಲ್ಲವೂ ಆ ನೂರಕ್ಕೆ 30ರೊಳಗೇ ಸೇರಿಹೋಗಿವೆ, ಬೇರೆಯಾಗಿ ಕಳೆಯುವಂತಿಲ್ಲ. ಬೇರೆಯಾಗಿ ಕಳೆಯಬಹುದಾದ ಕಂದಾಯಕ್ಕೂ ಎರಡು ಷರತ್ತಿವೆ. ಅದನ್ನು ಮಾಲೀಕರೇ ಕಟ್ಟಿರಬೇಕು, ಆ ಆರ್ಥಿಕ ವರ್ಷದೊಳಗೆ ಕಟ್ಟಿರಬೇಕು. ಬಾಕಿ ಉಳಿಸಿಕೊಂಡ ಕಂದಾಯ ಕಳೆಯಲು ಬರುವುದಿಲ್ಲ. ವಾಪಸ್ ಕೊಡಬೇಕಾದ ಅಡ್ವಾನ್ಸ್ ಹಣ ಆದಾಯವಲ್ಲ, ಆದರೆ ಯಾರ ಬಳಿ ಎಷ್ಟಿದೆ ಎಂಬುದನ್ನು ಕರಾರಿನಲ್ಲೇ ಬರೆಸುತ್ತೇವೆ.

ರಿಟರ್ನ್ ತುಂಬುವಾಗ ಆಗುವ ಒಂದು ತಪ್ಪನ್ನು ಇಲ್ಲೇ ತಿಳಿಸುವುದು ಒಳ್ಳೆಯದು. ಐಟಿಆರ್-2ರ ಮನೆ ಆಸ್ತಿಯ ಭಾಗದಲ್ಲಿ ಜಂಟಿ ಮಾಲೀಕತ್ವವಿದೆಯೇ ಎಂದು ಕೇಳುತ್ತದೆ. ಹೌದೆಂದು ಒತ್ತಿ ನಿಮ್ಮ ಪಾಲಿನ ಶೇಕಡಾವಾರು, ಉಳಿದ ಮಾಲೀಕರ ಹೆಸರು, ಪ್ಯಾನ್ ಮತ್ತು ಪಾಲು ತುಂಬಬೇಕು. ನಮ್ಮ ಉದಾಹರಣೆಯಲ್ಲಿ 66.66, 16.67, 16.67, ಕೂಡಿದರೆ ಸರಿಯಾಗಿ 100. ಅದರ ಕೆಳಗೆ ಬಾಡಿಗೆ ಎಂಬಲ್ಲಿ ಇಡೀ ಕಟ್ಟಡದ 10,80,000 ಬರೆಯಬೇಕು, ಕಂದಾಯವೂ ಪೂರ್ತಿ 36,000. ನಿಮ್ಮ ಪಾಲನ್ನು ಫಾರಂ ತಾನೇ ತೆಗೆಯುತ್ತದೆ. ಮಗಳು ತನ್ನ ಪಾಲಿನ 1,80,000 ಅಲ್ಲಿ ಬರೆದುಬಿಟ್ಟರೆ ಅದರಲ್ಲೂ ಮತ್ತೆ ಆರರಲ್ಲೊಂದು ತೆಗೆದು 30,000ವಷ್ಟೇ ಬಾಡಿಗೆ ಎಂದು ಲೆಕ್ಕವಾಗುತ್ತದೆ. ಆದಾಯ ಕಡಿಮೆ ತೋರಿಸಿದ ತಪ್ಪು ನಿಮ್ಮ ಮೇಲೆ ಬರುತ್ತದೆ.

ಹಿಂದಿನ ವರ್ಷದ ಟಿಡಿಎಸ್ ಒಬ್ಬರ ಪ್ಯಾನ್‌ಗೇ ಹೋಗಿದ್ದರೆ ಅದನ್ನು ಸರಿಪಡಿಸಲು ದಾರಿಯಿದೆ. ಯಾರ ಪ್ಯಾನ್‌ಗೆ ಜಮಾ ಆಗಿದೆಯೋ ಅವರು, ಈ ಆದಾಯ ಇಂಥಿಂಥವರದು ಎಂದು ಅವರ ಹೆಸರು, ವಿಳಾಸ, ಪ್ಯಾನ್ ಮತ್ತು ಕಾರಣ ಬರೆದು ಬಾಡಿಗೆದಾರರಿಗೆ ಘೋಷಣೆ ಕೊಡಬೇಕು. ಅವರು ಟಿಡಿಎಸ್ ವಿವರಪಟ್ಟಿಯನ್ನು ತಿದ್ದಿ ಸಲ್ಲಿಸಿದರೆ ಜಮಾ ಆಯಾ ಮಾಲೀಕರಿಗೆ ಹೋಗುತ್ತದೆ. ಘೋಷಣೆಯ ನಮೂನೆ ನಮ್ಮ ಕಚೇರಿಯಲ್ಲಿದೆ.

ಜಂಟಿ ಮಾಲೀಕರೆಲ್ಲರೂ ಏಪ್ರಿಲ್ 25ರೊಳಗೆ ಪಾಲು ತೋರಿಸುವ ಪತ್ರದ ನಕಲು, ಪ್ರತಿಯೊಬ್ಬರ ಪ್ಯಾನ್, ಪ್ರತಿಯೊಬ್ಬರದೇ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಬೇಕಿದ್ದವರು ತುಂಬಿದ 15ಎಚ್ ತಲುಪಿಸಿ. ಎಲ್ಲ ಮಾಲೀಕರ ಹೆಸರು, ಪಾಲು ಮತ್ತು ಬ್ಯಾಂಕ್ ಖಾತೆ ಬರೆದ ಪೂರಕ ಕರಾರನ್ನು ನಾವೇ ಸಿದ್ಧಪಡಿಸಿ ಬಾಡಿಗೆದಾರರ ಸಹಿ ಹಾಕಿಸುತ್ತೇವೆ. ಊರಲ್ಲಿ ಇಲ್ಲದ ಅಣ್ಣತಮ್ಮ, ಅಕ್ಕತಂಗಿಯರ ಸಹಿಗೆ ಕರಾರನ್ನು ಅಂಚೆಯಲ್ಲಿ ಕಳಿಸುತ್ತೇವೆ. ಆಸ್ತಿಯ ಪಾಲಿನ ಬಗ್ಗೆ ಮನೆಯೊಳಗೆ ತಕರಾರಿದ್ದರೆ ಮೊದಲೇ ತಿಳಿಸಿ. ಅಂಥ ಕಡೆ ಎಲ್ಲರೂ ಸಹಿ ಮಾಡಿದ ಒಪ್ಪಿಗೆ ಬರುವವರೆಗೆ ನಾವಾಗಿ ಯಾವ ಪಾಲನ್ನೂ ಬರೆಯುವುದಿಲ್ಲ.

ನಿಮ್ಮ ವಿಶ್ವಾಸಿಗಳು,
ಬಾಡಿಗೆ ನಿರ್ವಹಣಾ ಕಚೇರಿ, ತುಮಕೂರು