ಮಗಳಿಗೊಂದು ಪತ್ರ: ಹಣ ಕಟ್ಟುವ ತಾರೀಖಿನ ವಿಷಯ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಡೇಟಾ ಅನಾಲಿಟಿಕ್ಸ್ ಕೋರ್ಸಿನ ಲಿಂಕ್ ತೆರೆದು, ಪುಟದ ಬುಡದಲ್ಲಿ ಸಣ್ಣ ಅಕ್ಷರಗಳಲ್ಲಿದ್ದ ಷರತ್ತುಗಳನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಜೂನ್ 3ರೊಳಗೆ ಕಟ್ಟಿದರೆ 20,000 ರೂಪಾಯಿಯ ಕೋರ್ಸು 18,000ಕ್ಕೆ ಸಿಗುತ್ತದೆ ಎಂಬುದು ಮೇಲೆ ದಪ್ಪಕ್ಷರದಲ್ಲಿದೆ. ಅದರ ಪಕ್ಕದಲ್ಲೇ ‘ಏಳು ದಿನಗಳಲ್ಲಿ ಹಣ ವಾಪಸು’ ಎಂದೂ ಇದೆ. ಆದರೆ ಆ ಏಳು ದಿನಗಳ ಲೆಕ್ಕ ಶುರುವಾಗುವುದು ಪಾಠ ಆರಂಭವಾದ ದಿನದಿಂದಲ್ಲ, ಹಣ ಕಟ್ಟಿದ ದಿನದಿಂದ. ನೀನು 3ರಂದು ಕಟ್ಟಿದರೆ ಗಡುವು 10ಕ್ಕೆ ಮುಗಿಯುತ್ತದೆ, ಮೊದಲ ತರಗತಿ ಇರುವುದು 14ಕ್ಕೆ. ಎಂದರೆ ಮೇಷ್ಟ್ರ ಪಾಠ ಹೇಗಿದೆಯೆಂದು ನೀನು ತಿಳಿಯುವ ಹೊತ್ತಿಗೆ ಹಣ ಮರಳಿ ಕೇಳುವ ಹಕ್ಕು ಹೋಗಿರುತ್ತದೆ. ಅದಕ್ಕೂ ಮೊದಲೇ ರೆಕಾರ್ಡಿಂಗ್‌ಗಳಲ್ಲಿ ಐದನೇ ಒಂದು ಪಾಲು ನೋಡಿದ್ದರೆ ರೀಫಂಡ್ ಇಲ್ಲವೆಂದು ಇನ್ನೊಂದು ಸಾಲಿದೆ.

ಕಂತಿನಲ್ಲಿ ಕಟ್ಟುವ ಯೋಚನೆಯಿದ್ದರೆ ಇನ್ನೊಂದು ಮಾತು. ಅಲ್ಲಿ ನಿನಗೆ ಸಾಲ ಕೊಡುವುದು ಬೇರೆಯೇ ಹಣಕಾಸು ಸಂಸ್ಥೆ. ಕೋರ್ಸನ್ನು ರದ್ದುಗೊಳಿಸಿದರೂ, ಕೋರ್ಸಿನವರು ಆ ಸಂಸ್ಥೆಗೆ ಹಣ ಮರಳಿಸಿ ಸಾಲದ ಖಾತೆ ಮುಚ್ಚುವ ತನಕ ಕಂತು ನಿಲ್ಲುವುದಿಲ್ಲ.

ಪ್ರಮಾಣಪತ್ರದ ವಿಷಯದಲ್ಲಿ ನೀನು ಬಲ್ಲ ಎನ್‌ಪಿಟಿಇಎಲ್ ಆನ್‌ಲೈನ್ ಕೋರ್ಸುಗಳ ನಿಯಮವನ್ನೇ ನೆನಪಿಸಿಕೋ. ಅಲ್ಲಿ ಅಸೈನ್‌ಮೆಂಟಿಗೆ 25ರಲ್ಲಿ ಕನಿಷ್ಠ 10, ಪರೀಕ್ಷೆಗೆ 75ರಲ್ಲಿ ಕನಿಷ್ಠ 30 ಅಂಕ ಬೇರೆಬೇರೆಯಾಗಿಯೇ ಬರಬೇಕು. ಅಸೈನ್‌ಮೆಂಟಿನಲ್ಲಿ 24 ಪಡೆದು ಪರೀಕ್ಷೆಯಲ್ಲಿ 28ಕ್ಕೆ ನಿಂತವರಿಗೆ ಒಟ್ಟು 52 ಆದರೂ ಪ್ರಮಾಣಪತ್ರ ಸಿಗುವುದಿಲ್ಲ. ಅವರು ಇದನ್ನು ಮೊದಲೇ ಬಿಡಿಸಿ ಬರೆದಿರುತ್ತಾರೆ. ಈ ಕೋರ್ಸಿನವರು ‘ಯಶಸ್ವಿಯಾಗಿ ಪೂರ್ಣಗೊಳಿಸಿದವರಿಗೆ’ ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದಾರೆ. ಹಾಜರಾತಿ ಎಷ್ಟು, ಪ್ರಾಜೆಕ್ಟಿಗೆ ಕೊನೆಯ ದಿನ ಯಾವುದು, ತಪ್ಪಿದರೆ ಮತ್ತೆ ಸಲ್ಲಿಸಲು ಶುಲ್ಕವಿದೆಯೇ ಎಂದು ಇಮೇಲಿನಲ್ಲೇ ಕೇಳು. ಫೋನಿನಲ್ಲಿ ಮಾತಾಡುವ ಹುಡುಗ ಎಲ್ಲಕ್ಕೂ ‘ಆಗುತ್ತೆ ಮೇಡಂ’ ಎನ್ನುತ್ತಾನೆ, ನಾಳೆ ಆ ಮಾತಿಗೆ ಪುರಾವೆ ಇರುವುದಿಲ್ಲ.

‘ಲೈಫ್‌ಟೈಮ್ ಆಕ್ಸೆಸ್’ ಎಂಬುದು ಯಾರ ಜೀವಮಾನವೋ ಎಂದು ಹುಡುಕಿದೆ. ಕೋರ್ಸು ಅವರ ತಾಣದಲ್ಲಿ ಇರುವವರೆಗೆ ಎಂದು ಅರ್ಥವಂತೆ. ಲೈವ್ ತರಗತಿಗಳ ರೆಕಾರ್ಡಿಂಗಿಗಂತೂ ಹಣ ಕಟ್ಟಿದ ದಿನದಿಂದ 12 ತಿಂಗಳು ಮಾತ್ರ. ಮುಂದಿನ ವರ್ಷ ಕೆಲಸದ ಸಂದರ್ಶನಕ್ಕೆ ಮುನ್ನ ಮತ್ತೆ ನೋಡುವ ಲೆಕ್ಕ ನಿನ್ನದಾಗಿದ್ದರೆ, ಈ ಅವಧಿ ಸಾಲುತ್ತದೆಯೇ ನೋಡಿಕೋ.

ರಿಯಾಯಿತಿಯ 2,000 ಹೋದರೂ ಚಿಂತೆಯಿಲ್ಲ, ಸೀಟು ಉಳಿದಿದ್ದರೆ ನೀನು 13ರಂದು ಹಣ ಕಟ್ಟು ಎಂಬುದು ನನ್ನ ಅಭಿಪ್ರಾಯ. ಆಗ 20ರವರೆಗೆ ಸಮಯವಿರುವುದರಿಂದ ಮೊದಲೆರಡು ತರಗತಿಗಳನ್ನು ಕೇಳಿಯೇ ನಿರ್ಧರಿಸಬಹುದು. ಕಟ್ಟುವ ಮುನ್ನ ಆ ದಿನದ ಷರತ್ತುಗಳ ಪುಟವನ್ನು ಪಿಡಿಎಫ್ ಮಾಡಿ ನನಗೂ ಒಂದು ಪ್ರತಿ ಕಳಿಸು.

ನಿನ್ನ ಅಪ್ಪ