ಸದರಿ, ಸರಕು, ದಾಸ್ತಾನು: ಕ್ಯೂರಿಂಗ್ ವರ್ಕ್ಸ್‌ನ ಯುವ ಬರಹಗಾರನಿಗೆ

ಹಾಸನ

ಚಿ. ತಮ್ಮನಿಗೆ ಆಶೀರ್ವಾದಗಳು.

ನೀನು ಕಳುಹಿಸಿದ ಎರಡು ಕಥೆಗಳೂ, ಅವುಗಳ ಜೊತೆಗೆ ಬೇಸರದಿಂದ ಲಗತ್ತಿಸಿದ ಆಫೀಸಿನ ಈಮೇಲ್ ಕೂಡ ತಲುಪಿದವು. ಕಥೆಗಳ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಕಾಫಿಯನ್ನು ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕುಳಿತು ಬೆಳೆಗಾರರಿಗೆ ಪತ್ರ ಬರೆಯುವ ಕೆಲಸದಿಂದ ನಿನ್ನ ಭಾಷೆ ಕೆಡುತ್ತಿದೆಯೆಂದು ನೀನು ದೂರುತ್ತೀಯಲ್ಲ, ನನಗೆ ಉತ್ತರಿಸಬೇಕೆನಿಸಿದ್ದು ಅದಕ್ಕೆ. ವಿಷಯದ ಸಾಲು, ಸಂಬೋಧನೆ, ಸಹಿ ಇವೆಲ್ಲ ನಿನಗೆ ಗೊತ್ತಿವೆ, ಅವನ್ನು ಬಿಡೋಣ. ಮ್ಯಾನೇಜರರು ಕೆಂಪು ಗೆರೆ ಎಳೆದು ವಾಪಸು ಕಳುಹಿಸಿದ ಆ ಪ್ಯಾರಾವನ್ನು ಮಾತ್ರ ಇಲ್ಲಿ ಮತ್ತೆ ಬರೆದುಕೊಳ್ಳುತ್ತೇನೆ.

‘ತಾವು ಕಳುಹಿಸಿದ 120 ಮೂಟೆ ಅರೇಬಿಕಾ ಪಾರ್ಚ್‌ಮೆಂಟ್ ಕಾಫಿಗೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ಸದರಿ ಕಾಫಿಯನ್ನು ಪರಿಶೀಲಿಸಲಾಗಿದೆ ಮತ್ತು ಸದರಿ ಸರಕಿನಲ್ಲಿ ತೇವಾಂಶವು ಶೇ. 12.5 ಇರುತ್ತದೆ. ಈ ಹಿನ್ನೆಲೆಯಲ್ಲಿ ಸದರಿ ದಾಸ್ತಾನನ್ನು ಮತ್ತೆ ಒಣಗಿಸಬೇಕಾಗಿರುತ್ತದೆ. ಹಾಗೂ ಮಳೆಯಿಂದ ಕಣದಲ್ಲಿ ಒಣಗಿಸಲು ಸಾಧ್ಯವಾಗಿರುವುದಿಲ್ಲ. ಈ ನಿಟ್ಟಿನಲ್ಲಿ ಔಟ್‌ಟರ್ನ್ ವರದಿ ತಡವಾಗುತ್ತದೆ. ಅಲ್ಲದೆ ಹಣ ಪಾವತಿಯೂ ತಡವಾಗುತ್ತದೆ. ಆದ್ದರಿಂದ ಸಹಕರಿಸಬೇಕಾಗಿ ಕೋರಿದೆ.’

ಮ್ಯಾನೇಜರರು ಗೆರೆ ಎಳೆದದ್ದು ಮೂರು ‘ಸದರಿ’ಗಳಿಗೆ. ನೀನು ಅವುಗಳಿಗೆ ಬದಲಾಗಿ ‘ಮೇಲ್ಕಂಡ’, ‘ಪ್ರಸ್ತುತ’, ‘ಉಲ್ಲೇಖಿತ’ ಎಂದು ಹಾಕಿ ಮತ್ತೆ ಕಳುಹಿಸಿದೆಯಂತೆ. ಅದನ್ನು ಓದಿ ನನಗೆ ಸಿಟ್ಟೇ ಬಂತು. ಯಾವ ಕಾಫಿ ಎಂಬುದು ಮೊದಲ ಸಾಲಿನಲ್ಲೇ ಗೊತ್ತಾಗಿರುವಾಗ ಆ ಜಾಗದಲ್ಲಿ ಯಾವ ಪದವೂ ಬೇಕಿಲ್ಲ; ಅಳಿಸಿದರೆ ಸಾಕು. ನಿಜವಾಗಿ ಗೆರೆ ಬೀಳಬೇಕಾಗಿದ್ದ ಕಡೆ ಬಿದ್ದಿಲ್ಲ. ಮೊದಲು ‘ಕಾಫಿ’ ಎಂದವನು ನಂತರ ‘ಸರಕು’ ಎಂದೆ, ಆಮೇಲೆ ‘ದಾಸ್ತಾನು’ ಎಂದೆ. ಹೋದ ವರ್ಷ ಹಣ್ಣಿನ ಸಮೇತ ಒಣಗಿಸಿದ ಚೆರ್ರಿ ಕಾಫಿಯನ್ನೂ ನಿಮ್ಮ ಗೋದಾಮಿನಲ್ಲೇ ಇಟ್ಟಿರುವ ಬೆಳೆಗಾರರು ಇದನ್ನು ಓದಿದರೆ, ಒದ್ದೆಯಾಗಿರುವುದು ಈಗ ಕಳುಹಿಸಿದ ಪಾರ್ಚ್‌ಮೆಂಟೋ ಹಳೆಯ ದಾಸ್ತಾನೋ ಎಂದು ಫೋನ್ ಮಾಡಿ ಕೇಳುತ್ತಾರೆ.

ಈ ವಿಷಯದಲ್ಲಿ ನನಗೊಂದು ಹಳೆಯ ಸಿಟ್ಟಿದೆ. ನಾನು ಸುದ್ದಿ ಬರೆಯುತ್ತಿದ್ದ ಕಾಲದಲ್ಲಿ ನಮ್ಮ ಉಪಸಂಪಾದಕರೊಬ್ಬರು, ಒಂದು ಪದ ಪ್ಯಾರಾದಲ್ಲಿ ಎರಡನೆಯ ಸಲ ಬಂದರೆ ಸಾಕು, ಅದನ್ನು ಹೊಡೆದು ಹಾಕಿ ಅದರ ನೆಂಟನೊಬ್ಬನನ್ನು ಕೂರಿಸುತ್ತಿದ್ದರು. ಊರ ಕೆರೆಯ ಏರಿ ಒಡೆದ ಸುದ್ದಿಯಲ್ಲಿ ನನ್ನ ಎರಡನೆಯ ‘ಕೆರೆ’ಯನ್ನು ಅವರು ‘ಜಲಾಶಯ’ ಮಾಡಿದರು. ನಮ್ಮ ಜಿಲ್ಲೆಯಲ್ಲಿ ಜಲಾಶಯವೆಂದರೆ ಜನಕ್ಕೆ ಮೊದಲು ನೆನಪಾಗುವುದು ಗೊರೂರಿನ ಹೇಮಾವತಿ. ಬೆಳಗಾಗುತ್ತಲೇ ಹೊಳೆಯ ಕೆಳಗಿನ ಊರುಗಳಿಂದ ವಿಚಾರಿಸುವವರು ಶುರುವಾದರು. ಉತ್ತರ ಹೇಳಬೇಕಾದವನು ನಾನಾಗಿದ್ದೆ. ಆ ಮನುಷ್ಯನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ವಸ್ತುವಿನ ಹೆಸರು ಎಷ್ಟು ಸಲ ಬಂದರೂ ಅದೇ ಹೆಸರಾಗಿರಲಿ. ಹತ್ತಿರದಲ್ಲೇ ಮತ್ತೆ ಹೇಳಬೇಕಾದಾಗ, ಗೊಂದಲವಾಗದಿದ್ದರೆ, ‘ಅದು’ ಎನ್ನು. ಅದೂ ಬೇಡವೆನಿಸಿದರೆ ಕನ್ನಡದಲ್ಲಿ ಕರ್ತೃವನ್ನೇ ಬಿಡಬಹುದು, ಕ್ರಿಯಾಪದ ಅದನ್ನು ಹೇಳುತ್ತದೆ.

ಇನ್ನು ವಾಕ್ಯಗಳ ನಡುವಿನ ಕೊಂಡಿಗಳು. ನಿನ್ನ ಪ್ಯಾರಾ ಕುಂಟುತ್ತಿರುವುದು ಇಲ್ಲಿ. ‘ಹಾಗೂ ಮಳೆಯಿಂದ’ ಎಂದು ಬರೆದಿದ್ದೀಯ. ‘ಹಾಗೂ’ ಇದ್ದಲ್ಲಿ ಹಿಂದಿನ ಮಾತಿಗೆ ಅದೇ ಜಾತಿಯ ಇನ್ನೊಂದು ಮಾತು ಸೇರಬೇಕು. ಇಲ್ಲಿ ಒಣಗಿಸಬೇಕೆಂಬುದು ಒಂದು ಕಡೆ, ಮಳೆ ಅದಕ್ಕೆ ಅಡ್ಡ ಬಂದದ್ದು ಇನ್ನೊಂದು ಕಡೆ, ಅಲ್ಲಿರಬೇಕಾದದ್ದು ‘ಆದರೆ’. ‘ಈ ನಿಟ್ಟಿನಲ್ಲಿ ವರದಿ ತಡವಾಗುತ್ತದೆ’ ಎಂಬುದನ್ನು ಓದಿದರೆ, ವರದಿಯನ್ನು ತಡ ಮಾಡುವುದೇ ನಿಮ್ಮ ಗುರಿಯಾಗಿತ್ತು, ಅದಕ್ಕಾಗಿ ಶ್ರಮಿಸುತ್ತಿದ್ದೀರಿ ಎಂಬಂತೆ ಕೇಳಿಸುತ್ತದೆ. ‘ಅಲ್ಲದೆ ಹಣ ಪಾವತಿಯೂ’ ಎಂಬುದು ಎಲ್ಲಕ್ಕಿಂತ ಅಪಾಯದ್ದು. ಯಾವ ದರ್ಜೆಯ ಕಾಳು ಎಷ್ಟು ಬಂತೆಂದು ಹೇಳುವ ಔಟ್‌ಟರ್ನ್ ವರದಿಯಾಗದೆ ಲೆಕ್ಕವಿಲ್ಲ, ಲೆಕ್ಕವಾಗದೆ ಹಣವಿಲ್ಲ ಎಂಬುದು ಇರುವ ಸಂಗತಿ. ನಿನ್ನ ‘ಅಲ್ಲದೆ’ ಅದನ್ನು ಬೇರೆಯೇ ತೊಂದರೆಯನ್ನಾಗಿ ಮಾಡಿ, ಕಂಪನಿಯ ಕೈ ಖಾಲಿಯಾಗಿದೆಯೇನೋ ಎಂಬ ಅನುಮಾನ ಹುಟ್ಟಿಸುತ್ತದೆ. ‘ಈ ಹಿನ್ನೆಲೆಯಲ್ಲಿ’ ಎಂಬುದಂತೂ ಕಾರಣಕ್ಕೂ ಸಲ್ಲುತ್ತದೆ, ಸಂದರ್ಭಕ್ಕೂ ಸಲ್ಲುತ್ತದೆ. ಎರಡು ವಾಕ್ಯಗಳಿಗೆ ಏನು ಸಂಬಂಧವೆಂದು ತೀರ್ಮಾನಿಸದ ಬರಹಗಾರ ಅದರ ಹಿಂದೆ ಅಡಗಿಕೊಳ್ಳುತ್ತಾನೆ.

ನಾನು ಮಾಡುವುದು ಇಷ್ಟೇ. ಎಲ್ಲ ಕೊಂಡಿಗಳನ್ನೂ ತೆಗೆದು ಬರೀ ವಾಕ್ಯಗಳನ್ನು ಒಂದರ ಕೆಳಗೊಂದು ಬರೆದು, ಪ್ರತಿ ಎರಡರ ನಡುವೆ ‘ಆದ್ದರಿಂದ’, ‘ಏಕೆಂದರೆ’, ‘ಆದರೆ’, ‘ಆಮೇಲೆ’ ಎಂಬ ನಾಲ್ಕನ್ನು ಬಾಯಲ್ಲಿ ಹೇಳಿ ನೋಡುತ್ತೇನೆ. ಒಂದು ಕೂತರೆ ಸಂಬಂಧ ಸಿಕ್ಕಿತು. ಯಾವುದೂ ಕೂರದಿದ್ದರೆ ಬಹುಮಟ್ಟಿಗೆ ಆ ವಾಕ್ಯ ತಪ್ಪು ಜಾಗದಲ್ಲಿರುತ್ತದೆ, ಇಲ್ಲವೇ ನಡುವೆ ಒಂದು ಸಂಗತಿ ಬಿಟ್ಟುಹೋಗಿರುತ್ತದೆ. ನಿನ್ನದರಲ್ಲಿ ಬಿಟ್ಟುಹೋದದ್ದು ಏನೆಂದರೆ, ಕಾಳಿನ ಮೇಲಿನ ಹೊಟ್ಟು ಬಿಡಿಸುವ ಹಲ್ಲಿಂಗ್‌ಗೆ ಪಾರ್ಚ್‌ಮೆಂಟಿನ ತೇವಾಂಶ ಶೇ. 10 ಇರಬೇಕೆಂಬುದು. ಅದಿಲ್ಲದೆ 12.5 ಎಂಬ ಅಂಕಿ ಯಾಕೆ ತೊಂದರೆಯೆಂಬುದು ಪತ್ರದಲ್ಲಿಲ್ಲ. ಆ ಹಳ್ಳವನ್ನು ಮುಚ್ಚಲು ‘ಹಿನ್ನೆಲೆ’ಯನ್ನು ತಂದೆ.

ಸಂಬಂಧ ಸಿಕ್ಕಿದ ಮೇಲೆ ಕೊಂಡಿಯನ್ನು ವಾಕ್ಯದ ತಲೆಯ ಮೇಲೇ ಕೂರಿಸಬೇಕೆಂದಿಲ್ಲ. ಕನ್ನಡ ಅದನ್ನು ಕ್ರಿಯಾಪದದ ಬಾಲಕ್ಕೆ ಕಟ್ಟುತ್ತದೆ: ಒಣಗದಿರುವುದರಿಂದ, ಒಣಗಿದರೆ, ಒಣಗಿಸಿದರೂ, ಒಣಗಿದ ಮೇಲೆ. ‘ಪರಿಶೀಲಿಸಲಾಗಿದೆ ಮತ್ತು ತೇವಾಂಶವು ಇರುತ್ತದೆ’ ಎಂಬುದನ್ನು ‘ಪರಿಶೀಲಿಸಿದಾಗ ತೇವಾಂಶ ಇಷ್ಟಿತ್ತು’ ಎಂದರೆ ‘ಮತ್ತು’ ತಾನಾಗಿ ಉದುರುತ್ತದೆ. ಎಚ್ಚರ, ಇದನ್ನು ‘ಪರಿಶೀಲಿಸಿ ತೇವಾಂಶ ಇಷ್ಟಿತ್ತು’ ಎಂದು ಮಾಡಬೇಡ. ಪರಿಶೀಲಿಸಿದವರು ನೀವು, ಇದ್ದದ್ದು ತೇವಾಂಶ, ಕರ್ತೃ ಬೇರೆಯಾದಾಗ ‘ಪರಿಶೀಲಿಸಿ’ ಸಲ್ಲುವುದಿಲ್ಲ. ಒಂದೇ ವಾಕ್ಯದಲ್ಲಿ ಮೂರು ‘-ದರಿಂದ’ಗಳನ್ನು ಪೋಣಿಸುವುದೂ ಬೇಡ, ಓದುವವರಿಗೆ ಉಸಿರು ಕಟ್ಟುತ್ತದೆ.

ನಾನಾದರೆ ಹೀಗೆ ಬರೆಯುತ್ತಿದ್ದೆ:

‘ತಾವು ಕಳುಹಿಸಿದ 120 ಮೂಟೆ ಅರೇಬಿಕಾ ಪಾರ್ಚ್‌ಮೆಂಟ್ ಕಾಫಿಯನ್ನು ಪರಿಶೀಲಿಸಿದಾಗ ತೇವಾಂಶ ಶೇ. 12.5 ಇತ್ತು. ಹಲ್ಲಿಂಗ್ ಮಾಡಲು ಅದು ಶೇ. 10ಕ್ಕೆ ಇಳಿಯಬೇಕಾದ್ದರಿಂದ ಕಾಫಿಯನ್ನು ಮತ್ತೆ ಒಣಗಿಸಬೇಕಾಗಿದೆ. ಆದರೆ ಸೋಮವಾರದಿಂದ ಮಳೆ ಹಿಡಿದಿದ್ದು, ಕಣದಲ್ಲಿ ಹರಡಲು ಆಗಿಲ್ಲ. ಕಾಫಿ ಒಣಗಿ ಹಲ್ಲಿಂಗ್ ಮುಗಿದ ಮೇಲೆ ಔಟ್‌ಟರ್ನ್ ವರದಿ ಸಿದ್ಧವಾಗುತ್ತದೆ. ಹಣದ ಲೆಕ್ಕ ಆ ವರದಿಯ ಮೇಲೆಯೇ ಆಗುವುದರಿಂದ ಪಾವತಿಯೂ ಅಷ್ಟು ದಿನ ಮುಂದೆ ಹೋಗುತ್ತದೆ. ಬಿಸಿಲಿಗೆ ಕಾಯದೆ ಡ್ರೈಯರಿನಲ್ಲಿ ಒಣಗಿಸಬೇಕೆಂದಿದ್ದರೆ, ಅದರ ಖರ್ಚು ತಮ್ಮ ಲೆಕ್ಕಕ್ಕೆ ಬರುತ್ತದೆ. ಒಪ್ಪಿಗೆಯನ್ನು ಶುಕ್ರವಾರದೊಳಗೆ ತಿಳಿಸಬೇಕಾಗಿ ವಿನಂತಿ.’

ಡ್ರೈಯರಿನ ಮಾತನ್ನು ನಾನೇ ಸೇರಿಸಿದ್ದೇನೆ. ನಿಮ್ಮಲ್ಲಿ ಅದಿಲ್ಲದಿದ್ದರೆ ತೆಗೆದುಬಿಡು. ಅದನ್ನು ಹಾಕಿದ್ದಕ್ಕೆ ಕಾರಣ, ‘ಸಹಕರಿಸಬೇಕು’ ಎಂದರೆ ಬೆಳೆಗಾರರು ಏನು ಮಾಡಬೇಕೆಂಬುದೇ ನಿನ್ನ ಪತ್ರದಿಂದ ತಿಳಿಯುತ್ತಿರಲಿಲ್ಲ. ‘ಕಾಫಿ’ ನಾಲ್ಕೈದು ಸಾಲುಗಳಲ್ಲಿ ಮೂರು ಸಲ ಬಂದಿದೆ, ‘ಹಲ್ಲಿಂಗ್’, ‘ಒಣಗಿಸು’, ‘ವರದಿ’, ‘ಲೆಕ್ಕ’ ಕೂಡ ಮತ್ತೆ ಬಂದಿವೆ. ಯಾರಿಗಾದರೂ ಚುಚ್ಚುತ್ತದೆಯೇ ನೋಡು. ಒಂದು ವಾಕ್ಯದ ಕೊನೆಯ ‘ವರದಿ’ಯನ್ನೇ ಮುಂದಿನದು ‘ಆ ವರದಿ’ ಎಂದು ಎತ್ತಿಕೊಂಡು ಹೊರಡುವುದರಿಂದ ಅಲ್ಲಿ ಕೊಂಡಿಯೇ ಬೇಕಾಗಲಿಲ್ಲ.

ನಿಮ್ಮ ಮ್ಯಾನೇಜರರು ಬಹುಶಃ ‘ಹಿಡಿದಿದ್ದು’ ಎಂಬುದರ ಮೇಲೆ ಗೆರೆ ಎಳೆಯುತ್ತಾರೆ. ಅದು ಪತ್ರಿಕೆಯವರ ಚಾಳಿ, ನನ್ನಿಂದ ಹೋಗಿಲ್ಲ. ‘ಮಳೆ ಹಿಡಿದಿರುವುದರಿಂದ’ ಎಂದು ತಿದ್ದಿಕೋ. ಕಂಪನಿ ಪತ್ರವೆಂದ ಮೇಲೆ ‘ಸದರಿ’ ಇರಲೇಬೇಕೆಂದು ಹಟ ಹಿಡಿದರೆ ವಾದಕ್ಕೆ ನಿಲ್ಲಬೇಡ, ಎರಡನೆಯ ವಾಕ್ಯದ ‘ಕಾಫಿಯನ್ನು’ ಎಂಬುದರ ಮುಂದೆ ಒಂದನ್ನು ಹಾಕಿಕೊಡು. ಅಲ್ಲಿ ಅದು ಯಾರಿಗೂ ತೊಂದರೆ ಕೊಡುವುದಿಲ್ಲ.

ಇಂತಿ,
ನಿನ್ನ ಹಿತೈಷಿ