ಎರಡು ಕೋಸಿಗೊಂದು ಸರಾಯಿ ಯಾಕೆ?

ಸಂಪಾದಕರೇ, ಹಳೇ ವ್ಯಾಪಾರ ಮಾರ್ಗಗಳ ಪ್ರದರ್ಶನವೊಂದರಲ್ಲಿ ಗ್ರ್ಯಾಂಡ್ ಟ್ರಂಕ್ ರೋಡನ್ನ ಶೇರ್ ಶಾನೇ ಹೊಸದಾಗಿ ಮಾಡಿಸಿದ ಅನ್ನೋ ಥರ ಬೋರ್ಡ್ ಹಾಕಿದಾರೆ, ದಯವಿಟ್ಟು ತಿದ್ದಬೇಕು. ಆ ದಾರಿ ಮೌರ್ಯರ ಕಾಲದಲ್ಲೇ ಇತ್ತು. 1540ರಿಂದ 1545ರವರೆಗೆ ಆಳಿದ ಶೇರ್ ಶಾ ಅದನ್ನ ಸರಿಪಡಿಸಿ ಎರಡೆರಡು ಕೋಸಿಗೆ, ಅಂದ್ರೆ ಹೆಚ್ಚುಕಮ್ಮಿ 6-7 ಕಿಲೋಮೀಟರಿಗೆ ಪ್ರಯಾಣಿಕರು ತಂಗೋಕೆ ಅಂತ ಒಂದೊಂದು ಸರಾಯಿ ಕಟ್ಟಿಸಿದ. ಎತ್ತಿನ ಗಾಡಿನೇ ದಿನಕ್ಕೆ ಅದಕ್ಕಿಂತ ದೂರ ಹೋಗುತ್ತೆ, ಮತ್ತೆ ಇಷ್ಟು ಹತ್ರ ಯಾಕೆ ಅಂತ ಬೋರ್ಡು ಹೇಳಲ್ಲ. ಇತಿಹಾಸಕಾರ ಅಬ್ಬಾಸ್ ಖಾನ್ ಸರ್ವಾನಿ ಪ್ರಕಾರ ಪ್ರತಿ ಸರಾಯಿಲೂ ಟಪಾಲಿಗೆ ಅಂತ ಎರಡು ಕುದುರೆ ಇರ್ತಿದ್ವು, ಸುದ್ದಿ ಬೇಗ ಮುಟ್ಟೋಕೆ ಈ ಅಂತರ ಅನುಕೂಲ. ಒಳಗೆ ಹಿಂದೂ-ಮುಸ್ಲಿಮರಿಗೆ ಬೇರೆ ಬೇರೆ ಜಾಗ, ಬಾಗಿಲಲ್ಲಿ ಕುಡಿಯೋ ನೀರು, ನಡುವೆ ಬಾವಿ, ಸುತ್ತ ಜನ ನೆಲೆಸಿ ಅಂಗಡಿ ಸಾಲು ಬೆಳೀತು. ಇದನ್ನೂ ನಾಲ್ಕು ಸಾಲಲ್ಲಿ ಸೇರಿಸ್ಲಿ.

– ಓದುಗ, ಬೆಂಗಳೂರು